ಇಬ್ಬರ ನಡುವಿನ ದೂರವನ್ನು ಕ್ಯಾಮೆರಾ ಅಳೆಯುವ ಬಗೆ

ಮುಂಬೈಯ ಒಂದು ಸಿನಿಮಾ ಸ್ಟುಡಿಯೋ. ಒಳಗೆ ಕತ್ತಲು, ಹೊರಗೆ ಸುಡುಬಿಸಿಲು. ಬಾಗಿಲಾಚೆ ಒಂದು ದೊಡ್ಡ ಕನ್ನಡಿಯನ್ನು ಸೂರ್ಯನಿಗೆ ಮುಖಮಾಡಿ ನಿಲ್ಲಿಸಲಾಗಿದೆ. ಅದರ ಮೇಲೆ ಬಿದ್ದ ಬಿಸಿಲು ಒಳಕ್ಕೆ ಹಾಯ್ದು, ಮೇಲಿನ ಅಟ್ಟಣಿಗೆಯಲ್ಲಿ ಇಟ್ಟಿರುವ ಇನ್ನೊಂದು ಕನ್ನಡಿಗೆ ತಾಗಿ, ಅಲ್ಲಿಂದ ಓರೆಯಾಗಿ ನೆಲಕ್ಕಿಳಿಯುತ್ತದೆ. ಕತ್ತಲಲ್ಲಿ ತೇಲುವ ಧೂಳಿನ ಕಣಗಳು ಆ ಬೆಳಕಿಗೆ ಸಿಕ್ಕಿ, ಕೋಲಿನಂಥ ಒಂದು ಬೆಳಕಿನ ದಾರಿಯೇ ನೆಟ್ಟಗೆ ನಿಂತುಬಿಡುತ್ತದೆ. ಅದರ ಒಂದು ಬದಿಗೆ ಗುರುದತ್, ಇನ್ನೊಂದು ಬದಿಗೆ ವಹೀದಾ ರೆಹಮಾನ್. ಹಿನ್ನೆಲೆಯಲ್ಲಿ ಗೀತಾ ದತ್ ದನಿ.

1959ರಲ್ಲಿ ತೆರೆಕಂಡ ‘ಕಾಗಜ್ ಕೆ ಫೂಲ್’ ಚಿತ್ರದ ‘ವಕ್ತ್ ನೇ ಕಿಯಾ’ ಹಾಡಿನ ದೃಶ್ಯವಿದು. ಆ ಕನ್ನಡಿಗಳ ಉಪಾಯ ಮೈಸೂರಿನಲ್ಲಿ ಹುಟ್ಟಿದ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತ ವಿ.ಕೆ. ಮೂರ್ತಿಯವರದು. ಸ್ಟುಡಿಯೋ ದೀಪದ ಬೆಳಕು ಮುಂದೆ ಹೋದಂತೆಲ್ಲ ಹರಡಿಕೊಳ್ಳುತ್ತದೆ, ಅಂಚು ಮಸುಕಾಗುತ್ತದೆ. ಸೂರ್ಯನ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತವೆ. ಅವರಿಗೆ ಬೇಕಾಗಿದ್ದುದು ಆ ಕಟ್ಟುನಿಟ್ಟಾದ ಅಂಚು. ಆದರೆ ಸೂರ್ಯ ಯಾರಿಗೂ ಕಾಯುವುದಿಲ್ಲ. ಅವನು ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅಂದರೆ ಕದಲಿಸದೆ ಇಟ್ಟ ಕನ್ನಡಿಯಿಂದ ಹೊರಟ ಕಿರಣ, 20 ಮೀಟರ್ ಆಚೆ ಬೀಳುವಾಗ ನಾಲ್ಕೇ ನಿಮಿಷಕ್ಕೆ ಒಂದು ಅಡಿಯಷ್ಟು ಜರುಗಿರುತ್ತದೆ. ಇಂಥ ಶಾಟ್ ತೆಗೆಯುವಾಗ ಕನ್ನಡಿಯನ್ನು ಮತ್ತೆ ಮತ್ತೆ ತಿರುಗಿಸಿ ಸರಿಪಡಿಸುತ್ತಿರಬೇಕು.

ಈ ಹಾಡಿನ ಬಗ್ಗೆ ಮಾತು ಬಂದಾಗಲೆಲ್ಲ ಎಲ್ಲರೂ ಹೇಳುವುದು ಆ ಬೆಳಕಿನ ಕೋಲಿನ ಕಥೆಯನ್ನೇ. ಹೇಳಬೇಕಾದದ್ದೇ. ಆದರೆ ನೋಡುವವರ ಗಂಟಲು ಕಟ್ಟುವಂತೆ ಮಾಡುವ ಕೆಲಸದಲ್ಲಿ ಬೆಳಕಿನ ಪಾಲು ಅರ್ಧ ಮಾತ್ರ. ಇನ್ನರ್ಧ ಕ್ಯಾಮೆರಾದ್ದು: ಅದು ಎಲ್ಲಿ ನಿಂತಿದೆ, ಯಾವ ಲೆನ್ಸಿನಿಂದ ನೋಡುತ್ತಿದೆ, ಇಬ್ಬರನ್ನೂ ಚೌಕಟ್ಟಿನ ಯಾವ ಮೂಲೆಯಲ್ಲಿ ಇಟ್ಟಿದೆ, ಯಾವಾಗ ಹತ್ತಿರ ಹೋಗುತ್ತದೆ, ಯಾವಾಗ ಹಿಂದೆ ಸರಿಯುತ್ತದೆ. ದೃಶ್ಯದ ವಸ್ತುವೇ ದೂರ. ಸಿನ್ಹಾ ಎಂಬ ನಿರ್ದೇಶಕನಿಗೆ ಹೆಂಡತಿಯಿದ್ದಾಳೆ, ಆಕೆ ಬೇರೆಯಾಗಿದ್ದಾಳೆ, ಮಗಳೊಬ್ಬಳು ಬೋರ್ಡಿಂಗ್ ಶಾಲೆಯಲ್ಲಿದ್ದಾಳೆ. ಶಾಂತಿ ಎಂಬ ನಟಿಗೂ ಅವನಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ, ಆದರೆ ಒಂದಾಗುವಂತಿಲ್ಲ. ಪಾತ್ರಗಳು ಅದನ್ನು ಬಾಯಿಬಿಟ್ಟು ಹಾಡುವುದೂ ಇಲ್ಲ. ಹಾಡು ಹಿಂದಿನಿಂದ ಕೇಳುತ್ತದೆ. ಅವರ ಮಾತನ್ನು ಕ್ಯಾಮೆರಾ ಆಡಬೇಕು.

ಕ್ಯಾಮೆರಾ ಹೇಗೆ ಮಾತಾಡುತ್ತದೆ ಎನ್ನುವುದನ್ನು ತಿಳಿಯಲು ಮೊದಲು ಲೆನ್ಸಿನ ಬಗೆಗಿನ ಒಂದು ತಪ್ಪು ತಿಳಿವಳಿಕೆಯನ್ನು ಕಳೆದುಕೊಳ್ಳಬೇಕು. ಇದಕ್ಕೆ ಮನೆಯಲ್ಲಿರುವ ಮೊಬೈಲ್ ಸಾಕು.

ಮನೆಯವರಲ್ಲಿ ಒಬ್ಬರನ್ನು ಬಾಗಿಲಿಗೆ ಬೆನ್ನುಮಾಡಿ ನಿಲ್ಲಿಸಿ. ಝೂಮ್ ಮಾಡದೆ, ಮುಖದಿಂದ ಒಂದೂಕಾಲು ಅಡಿ ದೂರಕ್ಕೆ ಮೊಬೈಲ್ ಒಯ್ದು ಒಂದು ಫೋಟೋ ತೆಗೆಯಿರಿ. ಆಮೇಲೆ ನಾಲ್ಕು ಅಡಿ ಹಿಂದೆ ಬಂದು, ಮುಖ ಮೊದಲಿನಷ್ಟೇ ದೊಡ್ಡದಾಗಿ ಕಾಣುವವರೆಗೆ ಝೂಮ್ ಮಾಡಿ ಇನ್ನೊಂದು ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಬ್ಬರೇ ಇಬ್ಬರಾದಂತೆ ಕಾಣುತ್ತಾರೆ. ಮೊದಲನೆಯದರಲ್ಲಿ ಮೂಗು ಮುಂದೆ ಬಂದಿರುತ್ತದೆ, ಕಿವಿಗಳು ಹಿಂದೆ ಅಡಗಿರುತ್ತವೆ, ಬಾಗಿಲು ಎಲ್ಲೋ ದೂರದಲ್ಲಿ ಸಣ್ಣಗೆ ಇರುತ್ತದೆ. ಎರಡನೆಯದರಲ್ಲಿ ಮುಖ ಹದವಾಗಿ ಕೂತಿರುತ್ತದೆ, ಬಾಗಿಲು ಬೆನ್ನಿಗೇ ಅಂಟಿಕೊಂಡು ನಿಂತಂತೆ ದೊಡ್ಡದಾಗಿರುತ್ತದೆ.

ಕಾರಣ ಸರಳ. ಮೂಗಿನ ತುದಿಗೂ ಕಿವಿಗೂ ಸುಮಾರು 12 ಸೆಂಟಿಮೀಟರ್ ಅಂತರ. ಕ್ಯಾಮೆರಾ 40 ಸೆಂಟಿಮೀಟರ್ ದೂರದಲ್ಲಿದ್ದಾಗ ಮೂಗು 40ರಲ್ಲಿ, ಕಿವಿ 52ರಲ್ಲಿ. ಹತ್ತಿರದ ಮೂಗು ಕಿವಿಗೆ ಹೋಲಿಸಿದರೆ ನೂರಕ್ಕೆ 30ರಷ್ಟು ಹಿಗ್ಗಿ ಕಾಣುತ್ತದೆ. ಅದೇ ಕ್ಯಾಮೆರಾ 120 ಸೆಂಟಿಮೀಟರ್ ದೂರ ಹೋದರೆ ಮೂಗು 120ರಲ್ಲಿ, ಕಿವಿ 132ರಲ್ಲಿ. ಹಿಗ್ಗು ನೂರಕ್ಕೆ 10ಕ್ಕೆ ಇಳಿಯುತ್ತದೆ. ಮುಖದ ಆಕಾರ ಬದಲಾದದ್ದು ಲೆನ್ಸಿನಿಂದಲ್ಲ, ದೂರದಿಂದ. ಝೂಮ್ ಅಥವಾ ಉದ್ದದ ಲೆನ್ಸು ಮಾಡಿದ್ದು ದೂರದ ನೋಟದ ನಡುಭಾಗವನ್ನಷ್ಟೇ ಕತ್ತರಿಸಿ ದೊಡ್ಡದು ಮಾಡಿಕೊಟ್ಟದ್ದು. ಹಾಗಾಗಿ ಛಾಯಾಗ್ರಾಹಕ 25 ಎಂಎಂ ಬೇಕೋ 75 ಎಂಎಂ ಬೇಕೋ ಎಂದು ಯೋಚಿಸುವಾಗ ನಿಜಕ್ಕೂ ತೀರ್ಮಾನಿಸುತ್ತಿರುವುದು, ಪ್ರೇಕ್ಷಕನನ್ನು ಈ ಮನುಷ್ಯನಿಂದ ಎಷ್ಟು ದೂರದಲ್ಲಿ ನಿಲ್ಲಿಸಲಿ ಎಂಬುದನ್ನು.

ಸಿನಿಮಾ ಸೆಟ್ಟಿನಲ್ಲಿ ಇದು ಹೇಗಾಗುತ್ತದೆ ನೋಡೋಣ. ಮಾಮೂಲಿ 35 ಎಂಎಂ ಫಿಲ್ಮಿನಲ್ಲಿ ಚಿತ್ರ ಮೂಡುವ ಜಾಗ ಸುಮಾರು 22 ಎಂಎಂ ಅಗಲ. ನಟನನ್ನು ಎದೆಯವರೆಗೆ ತೋರಿಸಬೇಕೆಂದರೆ 25 ಎಂಎಂ ಲೆನ್ಸಿನ ಕ್ಯಾಮೆರಾ ಅವನಿಂದ ಒಂದು ಮೀಟರ್ ದೂರದಲ್ಲಿರಬೇಕು. 75 ಎಂಎಂ ಆದರೆ ಮೂರು ಮೀಟರ್. ಎರಡರಲ್ಲೂ ನಟ ಅಷ್ಟೇ ದೊಡ್ಡವನು. ಈಗ ಅವನ ಹಿಂದೆ ಆರು ಮೀಟರ್ ಆಚೆ ಒಂದು ಗೋಡೆಯಿದೆ ಎಂದುಕೊಳ್ಳಿ. 25 ಎಂಎಂ ಲೆನ್ಸು ಆ ಗೋಡೆಯ ಆರು ಮೀಟರ್ ಅಗಲವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ: ಕಿಟಕಿ, ಕುರ್ಚಿ, ಮೂಲೆಯಲ್ಲಿ ನಿಂತ ಇನ್ನಿಬ್ಬರು, ಎಲ್ಲವನ್ನೂ. 75 ಎಂಎಂಗೆ ಕಾಣುವುದು ಎರಡೂವರೆ ಮೀಟರ್ ಅಷ್ಟೇ. ಬಹುಶಃ ಒಂದು ಕಿಟಕಿಯ ಅಂಚು, ಅದೂ ಮಸುಕಾಗಿ. ಮೊದಲನೆಯದರಲ್ಲಿ ಅವನು ಒಂದು ಕೋಣೆಯೊಳಗಿನ ಮನುಷ್ಯ. ಎರಡನೆಯದರಲ್ಲಿ ಕೋಣೆ ಮಾಯವಾಗಿ ಮನುಷ್ಯನೊಬ್ಬನೇ ಉಳಿಯುತ್ತಾನೆ.

ಗುರುದತ್‌ಗೆ ಬೇಕಾಗಿದ್ದುದು ಎರಡನೆಯದು. ನಟನ ಮನಸ್ಸು ಕಾಣುವುದು ಕಣ್ಣಿನಲ್ಲಿ ಎಂದು ನಂಬಿದ್ದ ಆತ ಕ್ಲೋಸಪ್‌ಗಳಿಗೆ 75 ಮತ್ತು 100 ಎಂಎಂ ಲೆನ್ಸುಗಳನ್ನು ಬಳಸಿಕೊಂಡು ಬಂದರು. ಹಿಂದಿ ಚಿತ್ರರಂಗದಲ್ಲಿ ಅಂಥ ಕ್ಲೋಸಪ್ಪಿಗೆ ‘ಗುರುದತ್ ಶಾಟ್’ ಎಂಬ ಹೆಸರೇ ಬಿತ್ತು. ಹತ್ತಿರ ಹೋಗಿ ಮುಖಕ್ಕೆ ಕ್ಯಾಮೆರಾ ಹಿಡಿದರೆ ನಟನಿಗೂ ಕಸಿವಿಸಿ, ಮುಖವೂ ಉಬ್ಬುತ್ತದೆ. ಮೂರು ಮೀಟರ್ ಆಚೆಯಿಂದ ಅದೇ ಮುಖವನ್ನು ನೋಡಿದರೆ, ಎದುರಿಗಿರುವವರ ಅರಿವೇ ಇಲ್ಲದೆ ತನ್ನಲ್ಲಿ ತಾನು ಮುಳುಗಿದ ಒಬ್ಬರನ್ನು ಗಮನಿಸುತ್ತಿರುವಂತಾಗುತ್ತದೆ. ‘ಪ್ಯಾಸಾ’ದಲ್ಲಿ, ‘ಕಾಗಜ್ ಕೆ ಫೂಲ್’ನಲ್ಲಿ ಜನರ ನಡುವೆ ಇದ್ದೂ ಒಂಟಿಯಾಗಿ ಕಾಣುವ ಆ ಮುಖಗಳ ಹಿಂದೆ ನಟನೆ ಇರುವಷ್ಟೇ ಈ ಮೂರು ಮೀಟರ್ ಕೂಡ ಇದೆ.

ಇದಕ್ಕೆ ಒಂದು ಬೆಲೆ ತೆರಬೇಕಾಗುತ್ತದೆ, ಅದನ್ನು ತೆರುವವನು ಫೋಕಸ್ ನೋಡಿಕೊಳ್ಳುವ ಸಹಾಯಕ. 25 ಎಂಎಂ ಲೆನ್ಸಿನಲ್ಲಿ, ಅಪರ್ಚರ್ 2.8ರಲ್ಲಿ, ಎರಡು ಮೀಟರ್ ದೂರದ ನಟನಿಗೆ ಹಿಂದುಮುಂದೆ ಸೇರಿ ಸುಮಾರು ಮೂರು ಅಡಿ ಸ್ಪಷ್ಟ ಜಾಗ ಸಿಗುತ್ತದೆ. ಅವನು ಬಾಗಲಿ, ಹೆಜ್ಜೆ ತಪ್ಪಲಿ, ಚಿತ್ರ ಕೆಡುವುದಿಲ್ಲ. 75 ಎಂಎಂಗೆ ಬಂದರೆ ಅದೇ ಜಾಗ ನಾಲ್ಕು ಇಂಚಿಗೆ ಕುಗ್ಗುತ್ತದೆ. ನಟಿ ಒಂದು ನಿಟ್ಟುಸಿರು ಬಿಟ್ಟು ಭುಜ ಇಳಿಸಿದರೂ ಕಣ್ಣು ಮಸುಕಾಗಿ ಕಿವಿ ಸ್ಪಷ್ಟವಾಗಬಹುದು. ಅದಕ್ಕೇ ರಿಹರ್ಸಲ್ಲಿನಲ್ಲಿ ಟೇಪು ಹಿಡಿದು ಕ್ಯಾಮೆರಾದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ನೆಲದ ಮೇಲೆ ಗುರುತು ಹಾಕುತ್ತಾರೆ, ಸಹಾಯಕ ಆ ಗುರುತುಗಳನ್ನು ನೋಡುತ್ತ ಲೆನ್ಸಿನ ಉಂಗುರ ತಿರುಗಿಸುತ್ತಾನೆ. ಆಗಿನ ಕಾಲದಲ್ಲಿ ಸೆಟ್ಟಿನಲ್ಲಿ ಮಾನಿಟರ್ ಇರಲಿಲ್ಲ. ಕಣ್ಣು ಸ್ಪಷ್ಟವಾಗಿ ಬಂತೋ ಇಲ್ಲವೋ ಎಂಬುದು ಗೊತ್ತಾಗುತ್ತಿದ್ದುದು ಫಿಲ್ಮು ಲ್ಯಾಬಿನಿಂದ ತೊಳೆದು ಬಂದ ಮೇಲೆ. ಮರೆಯಲಾಗದ ಕ್ಲೋಸಪ್ಪುಗಳ ಹಿಂದೆ ಹೆಸರು ಗೊತ್ತಿಲ್ಲದ ಇಂಥ ಕೈಗಳಿವೆ ಎನ್ನುವುದನ್ನು ನೆನೆಯದೆ ಮುಂದೆ ಹೋಗುವಂತಿಲ್ಲ.

‘ಕಾಗಜ್ ಕೆ ಫೂಲ್’ ಮಾಡುವ ಹೊತ್ತಿಗೆ ಗುರುದತ್ ಮತ್ತು ಮೂರ್ತಿಯವರಿಗೆ ಇನ್ನೊಂದು ಹೊಸ ಕಷ್ಟ ಎದುರಾಯಿತು. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಲ್ಲಿಯವರೆಗಿನ ಪರದೆ ಎತ್ತರಕ್ಕಿಂತ ಒಂದೂಕಾಲು ಒಂದೂವರೆ ಪಟ್ಟು ಅಗಲ; ಸ್ಕೋಪ್ ಪರದೆ 2.35 ಪಟ್ಟು ಅಗಲ. ಅಷ್ಟು ಅಗಲವನ್ನು ಮಾಮೂಲಿ ಫಿಲ್ಮಿನಲ್ಲಿ ಹಿಡಿಸಲು ವಿಶೇಷ ಲೆನ್ಸು ಬೇಕು. ಅದು ದೃಶ್ಯವನ್ನು ಅಡ್ಡಡ್ಡಲಾಗಿ ಅರ್ಧಕ್ಕೆ ಒತ್ತಿ ಫಿಲ್ಮಿನ ಮೇಲೆ ಬಿಡುತ್ತದೆ. ಫಿಲ್ಮನ್ನು ಬೆಳಕಿಗೆ ಹಿಡಿದರೆ ಎಲ್ಲರೂ ಕಡ್ಡಿಯಂತೆ ಸಪೂರ. ಚಿತ್ರಮಂದಿರದ ಪ್ರೊಜೆಕ್ಟರಿನ ಲೆನ್ಸು ಅದನ್ನು ಎರಡು ಪಟ್ಟು ಅಗಲಿಸಿದಾಗ ಎಲ್ಲರೂ ಮತ್ತೆ ಮನುಷ್ಯರಾಗುತ್ತಾರೆ.

ತೊಂದರೆ ಇದ್ದದ್ದು ಕ್ಲೋಸಪ್ಪಿನಲ್ಲೇ. ಆರಂಭದ ಸ್ಕೋಪ್ ಲೆನ್ಸುಗಳು ತೀರ ಹತ್ತಿರದ ವಸ್ತುವನ್ನು ಪೂರ್ತಿ ಅರ್ಧಕ್ಕೆ ಒತ್ತುತ್ತಿರಲಿಲ್ಲ, ಸ್ವಲ್ಪ ಕಡಿಮೆ ಒತ್ತುತ್ತಿದ್ದವು. ಪ್ರೊಜೆಕ್ಟರಿಗೆ ಅದು ಹೇಗೆ ಗೊತ್ತಾಗಬೇಕು? ಅದು ತನ್ನ ಲೆಕ್ಕದಂತೆ ಎರಡು ಪಟ್ಟೇ ಅಗಲಿಸುತ್ತಿತ್ತು. ಪರಿಣಾಮವಾಗಿ ನಾಯಕಿಯ ಕೆನ್ನೆಗಳು ಊದಿಕೊಂಡಂತೆ ಕಾಣುತ್ತಿದ್ದವು. ಹಾಲಿವುಡ್‌ನವರು ಇದಕ್ಕೆ ಮಂಗಬಾವಿನ ಹೆಸರನ್ನೇ ಇಟ್ಟಿದ್ದರು. ಅಂಥ ಲೆನ್ಸಿನಲ್ಲಿ ಮುಖವನ್ನು ದೊಡ್ಡದಾಗಿ ತೋರಿಸಬೇಕೆಂದರೆ ಹತ್ತಿರ ಹೋಗದೆ ದೂರ ನಿಂತು ಉದ್ದದ ಲೆನ್ಸು ಹಾಕುವುದು ಒಳ್ಳೆಯ ದಾರಿ. ಗುರುದತ್‌ಗೆ ಆ ಅಭ್ಯಾಸ ಮೊದಲಿನಿಂದಲೂ ಇತ್ತು.

ಆದರೆ ಈ ಹಾಡಿನಲ್ಲಿ ಅಗಲದ ನಿಜವಾದ ಉಪಯೋಗ ಆದದ್ದು ಮುಖಗಳಿಗಲ್ಲ, ಮುಖಗಳ ನಡುವಿನ ಬಯಲಿಗೆ. ಹಳೆಯ ಚೌಕ ಪರದೆಯಲ್ಲಿ ಇಬ್ಬರನ್ನು ತಲೆಯಿಂದ ಕಾಲಿನವರೆಗೆ ತೋರಿಸಿದರೆ ಅವರು ಒಬ್ಬರಿಗೊಬ್ಬರು ಹತ್ತಿರವೇ ಇರಬೇಕಾಗುತ್ತದೆ. ದೂರ ನಿಲ್ಲಿಸಿದರೆ ಕ್ಯಾಮೆರಾ ಹಿಂದೆ ಹೋಗಬೇಕು, ಆಗ ಇಬ್ಬರೂ ಸಣ್ಣಗಾಗುತ್ತಾರೆ. ಸ್ಕೋಪ್‌ನಲ್ಲಿ ಹಾಗಲ್ಲ. ಒಬ್ಬರನ್ನು ಈ ತುದಿಗೆ, ಇನ್ನೊಬ್ಬರನ್ನು ಆ ತುದಿಗೆ ನಿಲ್ಲಿಸಿ, ನಡುವೆ ಖಾಲಿ ನೆಲವನ್ನು ಬಿಟ್ಟರೂ ಅವರ ಮೈಯ ನಿಲುವು ಚೆನ್ನಾಗಿ ಕಾಣುತ್ತದೆ. ಪ್ರೇಕ್ಷಕನ ಕಣ್ಣು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಆ ಖಾಲಿ ಜಾಗವನ್ನು ದಾಟಲೇಬೇಕು. ಪ್ರತಿ ಸಲ ದಾಟುವಾಗಲೂ ನಡುವೆ ಆ ಬೆಳಕಿನ ಕೋಲು. ಇಬ್ಬರೂ ದೂರ ಇದ್ದಾರೆ ಎಂದು ಅವನಿಗೆ ಯಾರೂ ಹೇಳಬೇಕಿಲ್ಲ. ಅವನ ಕಣ್ಣೇ ಆ ದೂರವನ್ನು ನಡೆದಿರುತ್ತದೆ.

ಮೇಲೆ ಬಿಟ್ಟ ಜಾಗವನ್ನೂ ಗಮನಿಸಬೇಕು. ಮಾಮೂಲಿಯಾಗಿ ತಲೆಯ ಮೇಲೆ ಒಂದು ಗೇಣು ಜಾಗ ಬಿಟ್ಟು ಚೌಕಟ್ಟು ಮುಗಿಸುವುದು ಪದ್ಧತಿ. ಖಾಲಿ ಸ್ಟುಡಿಯೋವನ್ನು ತೋರಿಸುವ ಶಾಟ್‌ಗಳಲ್ಲಿ ಮೂರ್ತಿ ಮೇಲಿನ ಕತ್ತಲನ್ನೂ ತೊಲೆಗಳನ್ನೂ ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳುತ್ತಾರೆ. ಮನುಷ್ಯರು ಕೆಳಗೆ ಪುಟ್ಟದಾಗಿ ನಿಲ್ಲುತ್ತಾರೆ. ಇಡೀ ಕಥೆಯೇ ಹಾಗೆ ಶುರುವಾಗುವುದು: ಮುದುಕನಾದ ಸಿನ್ಹಾ ತಾನು ಹಿಂದೆ ಆಳಿದ ಸ್ಟುಡಿಯೋಗೆ ಬಂದು, ಮೇಲೆ ಹತ್ತಿ, ಕೆಳಗಿನ ಬರಿದಾದ ನೆಲ ನೋಡುತ್ತ ಹಳೆಯದನ್ನು ನೆನೆಯುತ್ತಾನೆ.

ಇನ್ನು ಚಲನೆ. ಮೂರ್ತಿಯವರು ಗುರುದತ್ ಬಳಗ ಸೇರಿದ್ದೇ ಒಂದು ಚಲನೆಯ ಕಾರಣಕ್ಕೆ. 1951ರ ‘ಬಾಝಿ’ ಚಿತ್ರಕ್ಕೆ ವಿ. ರಾತ್ರಾ ಛಾಯಾಗ್ರಾಹಕರು, ಮೂರ್ತಿ ಅವರ ಸಹಾಯಕ. ಕ್ಲಬ್ಬಿನ ಹಾಡೊಂದನ್ನು ಚಿತ್ರಿಸುವಾಗ, ಕನ್ನಡಿಯ ಪ್ರತಿಬಿಂಬವನ್ನು ಬಳಸಿಕೊಂಡು ಕ್ಯಾಮೆರಾ ಸರಿಯುವ ಒಂದು ಕಷ್ಟದ ಶಾಟನ್ನು ಮೂರ್ತಿ ಸೂಚಿಸಿದರು. ಅದನ್ನು ಅವರಿಂದಲೇ ತೆಗೆಸಿ ನೋಡಿದ ಗುರುದತ್‌ಗೆ ಅದು ಎಷ್ಟು ಹಿಡಿಸಿತೆಂದರೆ, ಮುಂದಿನ ಚಿತ್ರದಿಂದ ನೀವೇ ನನ್ನ ಛಾಯಾಗ್ರಾಹಕರು ಎಂದುಬಿಟ್ಟರು. 1952ರ ‘ಜಾಲ್’ನಿಂದ ಶುರುವಾದ ಆ ಜೋಡಿ ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಚಿತ್ರಗಳವರೆಗೆ ಬಿಡದೆ ನಡೆಯಿತು. ಮೂರ್ತಿ ಪಿಟೀಲು ಬಲ್ಲವರು. ಹಾಡಿನ ನಡೆಗೆ ಕ್ಯಾಮೆರಾವನ್ನು ಹೊಂದಿಸುವಾಗ ಆ ಕಿವಿ ಕೆಲಸಕ್ಕೆ ಬಂದಿರದೆ ಇರಲು ಸಾಧ್ಯವಿಲ್ಲ.

ಟ್ರಾಲಿ ಎಂದರೆ ಹಳಿಯ ಮೇಲೆ ಉರುಳುವ ಒಂದು ಗಾಡಿ. ಮೇಲೆ ಕ್ಯಾಮೆರಾ, ಹಿಂದೆ ತಳ್ಳುವವನು. ನೋಡಲು ಇಷ್ಟೇ. ಆದರೆ ಅದನ್ನು ತಳ್ಳುವುದರಲ್ಲೇ ಭಾವ ಇರುವುದು. ನಟಿಯ ಮುಖದಿಂದ ನಾಲ್ಕು ಮೀಟರ್ ದೂರದಲ್ಲಿರುವ ಕ್ಯಾಮೆರಾ ಒಂದೂವರೆ ಮೀಟರಿಗೆ ಬರಬೇಕು ಎಂದುಕೊಳ್ಳಿ. ಒಂದೇ ವೇಗದಲ್ಲಿ ತಳ್ಳಿದರೆ ಏನಾಗುತ್ತದೆ? ನಾಲ್ಕರಿಂದ ಮೂರಕ್ಕೆ ಬರುವಾಗ ಮುಖ ಮೂರನೇ ಒಂದು ಪಾಲು ಬೆಳೆಯುತ್ತದೆ. ಎರಡೂವರೆಯಿಂದ ಒಂದೂವರೆಗೆ ಬರುವಾಗ, ಅದೂ ಒಂದೇ ಮೀಟರ್, ಮೂರನೇ ಎರಡು ಪಾಲು ಬೆಳೆಯುತ್ತದೆ. ಗಾಡಿ ಒಂದೇ ವೇಗದಲ್ಲಿದ್ದರೂ ಪ್ರೇಕ್ಷಕನಿಗೆ ಕೊನೆಯಲ್ಲಿ ಮುಖ ತನ್ನ ಮೇಲೆ ನುಗ್ಗಿ ಬಂದಂತೆ ಅನ್ನಿಸುತ್ತದೆ. ಭಯದ ದೃಶ್ಯಕ್ಕೆ ಅದು ಚೆನ್ನ. ಒಬ್ಬಳು ತನ್ನ ಮನಸ್ಸನ್ನು ತಾನೇ ಅರಿಯುತ್ತಿರುವ ಗಳಿಗೆಗೆ ಅದು ಹೊಡೆತ. ಅಲ್ಲಿ ಟ್ರಾಲಿಯವನು ಹತ್ತಿರವಾದಂತೆ ಕೈ ಸಡಿಲಿಸುತ್ತ, ಕೊನೆಯ ಅಡಿಯಲ್ಲಿ ನಿಂತಿತೋ ನಡೆಯುತ್ತಿದೆಯೋ ತಿಳಿಯದಂತೆ ನಿಲ್ಲಿಸಬೇಕು. ಈ ಹಾಡಿನಲ್ಲಿ ಕ್ಯಾಮೆರಾ ಇಬ್ಬರ ಮುಖಗಳಿಗೂ ಹೀಗೆ ತೇಲಿಕೊಂಡು ಹೋಗುತ್ತದೆ, ಮತ್ತೆ ಹಿಂದೆ ಬರುತ್ತದೆ. ಶುರುವಾದದ್ದು, ನಿಂತದ್ದು ಕಣ್ಣಿಗೆ ತಟ್ಟುವುದಿಲ್ಲ. ಎದೆಗೆ ಮಾತ್ರ ತಟ್ಟುತ್ತದೆ.

‘ಪ್ಯಾಸಾ’ದ ತಾರಸಿಯ ದೃಶ್ಯದಲ್ಲೂ ಇದೇ ಕುಶಲತೆ ಇದೆ. ಕೆಳಗೆ ಬೀದಿಯಲ್ಲಿ ಕೀರ್ತನೆ ನಡೆದಿದೆ. ತಾರಸಿಯ ಅಂಚಿನಲ್ಲಿ ವಿಜಯ್ ಬೆನ್ನುಮಾಡಿ ನಿಂತಿದ್ದಾನೆ. ಗುಲಾಬೋ ಮೆಟ್ಟಿಲು ಹತ್ತಿ ಹಿಂದಿನಿಂದ ಅವನ ಬಳಿಗೆ ಬರುತ್ತಾಳೆ. ಕ್ಯಾಮೆರಾ ಅವಳ ಆಸೆಯ ಜೊತೆ ಜೊತೆಗೇ ಸಾಗುತ್ತದೆ. ಇನ್ನೇನು ಅವನ ಬೆನ್ನಿಗೆ ತಲೆಯಿಡಬೇಕು ಎನ್ನುವಷ್ಟು ಹತ್ತಿರ ಬಂದವಳು ಮುಟ್ಟದೆ ಹಿಂದಿರುಗಿ ಓಡುತ್ತಾಳೆ. ಅವನಿಗೆ ಗೊತ್ತೇ ಆಗುವುದಿಲ್ಲ. ಅವಳ ಜೊತೆ ಆ ದೂರವನ್ನು ಕ್ರಮಿಸಿ ಬಂದ ಪ್ರೇಕ್ಷಕನಿಗೆ ಗೊತ್ತಾಗುತ್ತದೆ.

ಝೂಮ್ ಮಾಡಿದರೂ ಮುಖ ದೊಡ್ಡದಾಗುತ್ತದಲ್ಲ, ಹಳಿ ಹಾಸುವ ಕಷ್ಟ ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. ವ್ಯತ್ಯಾಸ ಕಂಡುಹಿಡಿಯುವುದು ಸುಲಭ: ಮುಖವನ್ನು ಬಿಟ್ಟು ಅಂಚುಗಳನ್ನು ನೋಡಬೇಕು. ಟ್ರಾಲಿಯಲ್ಲಿ ಮುಂದೆ ಹೋಗುವಾಗ ಹತ್ತಿರದ ಕಂಬ ಬೇಗ ಪಕ್ಕಕ್ಕೆ ಸರಿದು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ, ದೂರದ ಗೋಡೆ ನಿಧಾನಕ್ಕೆ ಬೆಳೆಯುತ್ತದೆ, ಕಂಬದ ಹಿಂದೆ ಅಡಗಿದ್ದ ಕುರ್ಚಿ ಈಚೆಗೆ ಬರುತ್ತದೆ. ರೈಲಿನ ಕಿಟಕಿಯಲ್ಲಿ ಹತ್ತಿರದ ಗಿಡ ಹಾರಿಹೋಗಿ ದೂರದ ಬೆಟ್ಟ ಜೊತೆಯಲ್ಲೇ ಬಂದಂತೆ. ಅಂದರೆ ನೋಡುವವನು ನಿಜವಾಗಿ ನಡೆದಿದ್ದಾನೆ. ಝೂಮಿನಲ್ಲಿ ಕಂಬ, ಕುರ್ಚಿ, ಗೋಡೆ, ಮುಖ ಎಲ್ಲವೂ ಒಂದೇ ಲೆಕ್ಕದಲ್ಲಿ ಹಿಗ್ಗುತ್ತವೆ. ಅಡಗಿದ್ದದ್ದು ಅಡಗಿಯೇ ಇರುತ್ತದೆ. ನಿಂತಲ್ಲೇ ನಿಂತು ದುರ್ಬೀನು ಹಿಡಿದಂತೆ. ಗೂಢಚಾರನ ಕಣ್ಣಿಗೆ, ಸುದ್ದಿಯ ತುರ್ತಿಗೆ ಝೂಮ್ ಸರಿಯಾದದ್ದು; ಪ್ರೀತಿಸುವವರ ಹತ್ತಿರ ನಡೆದು ಹೋಗುವುದಕ್ಕೆ ಹಳಿಯೇ ಬೇಕು.

ಎರಡನ್ನೂ ಒಂದಕ್ಕೊಂದು ಎದುರಾಗಿ ಓಡಿಸಿದರೆ ಏನಾಗುತ್ತದೆ ಎಂಬುದನ್ನು ‘ಜಾಸ್’ ನೋಡಿದವರು ಬಲ್ಲರು. 1975ರ ಆ ಚಿತ್ರದಲ್ಲಿ ಕಡಲತೀರದಲ್ಲಿ ಕೂತ ಪೊಲೀಸ್ ಅಧಿಕಾರಿ ಬ್ರೋಡಿಗೆ, ನೀರಿನಲ್ಲಿ ಶಾರ್ಕ್ ದಾಳಿ ಮಾಡಿದೆ ಎಂದು ಅರಿವಾಗುವ ಕ್ಷಣ. ಕ್ಯಾಮೆರಾ ಅವನತ್ತ ನುಗ್ಗುತ್ತದೆ, ಅದೇ ಹೊತ್ತಿಗೆ ಝೂಮ್ ಹಿಂದಕ್ಕೆ ಅಗಲವಾಗುತ್ತದೆ. ಒಂದು ದೊಡ್ಡದು ಮಾಡಿದ್ದನ್ನು ಇನ್ನೊಂದು ಸಣ್ಣದು ಮಾಡುವುದರಿಂದ ಮುಖ ಇದ್ದಷ್ಟೇ ಇರುತ್ತದೆ. ಬದಲಾಗುವುದು ಹಿಂದಿನ ತೀರ. ಅದು ಹಿಂದೆ ಹಿಂದೆ ಜಾರಿ ಅಗಲವಾಗುತ್ತ ಹೋಗುತ್ತದೆ, ಕಾಲ ಕೆಳಗಿನ ನೆಲವನ್ನು ಯಾರೋ ಎಳೆದುಕೊಂಡಂತೆ. ಈ ತಂತ್ರ ಹೆಸರಾದದ್ದು ಹಿಚ್‌ಕಾಕ್ 1958ರಲ್ಲಿ ತೆಗೆದ ‘ವರ್ಟಿಗೋ’ದಿಂದ. ಎತ್ತರಕ್ಕೆ ಹೆದರುವವನ ಕಣ್ಣಿನಿಂದ ಗೋಪುರದ ಮೆಟ್ಟಿಲುಗಳ ಆಳವನ್ನು ತೋರಿಸಲು ಅವರ ತಂಡ ಪುಟ್ಟ ಮಾದರಿ ಮೆಟ್ಟಿಲನ್ನು ಮಾಡಿ, ಅದನ್ನು ಅಡ್ಡ ಮಲಗಿಸಿ, ನೆಲದ ಮೇಲೆ ಕ್ಯಾಮೆರಾ ಓಡಿಸಿತು. ಮೊಬೈಲ್ ಪ್ರಯೋಗದಲ್ಲಿ ಎರಡು ಫೋಟೋಗಳ ನಡುವೆ ಕಂಡ ವ್ಯತ್ಯಾಸವೇ ಇಲ್ಲಿ ಒಂದೇ ಶಾಟಿನೊಳಗೆ ಕಣ್ಣೆದುರು ನಡೆಯುತ್ತದೆ. ದೂರ ಬದಲಾಯಿತು, ಲೆನ್ಸು ಅದನ್ನು ಮುಚ್ಚಿಟ್ಟಿತು, ಮೈ ಮಾತ್ರ ಏನೋ ಆಯಿತೆಂದು ಗುರುತಿಸಿತು.

ಹಾಗೆಂದು ಈ ಲೆನ್ಸಿಗೆ ಈ ಭಾವ ಎಂದು ಪಟ್ಟಿ ಬರೆದಿಡಲು ಬರುವುದಿಲ್ಲ. ಶಾಂತಿಯ ಮುಖವನ್ನು ಮೃದುವಾಗಿಸಿದ ಅದೇ ಉದ್ದದ ಲೆನ್ಸು, ಪತ್ತೇದಾರಿ ಕಥೆಯಲ್ಲಿ ಜನಸಂದಣಿಯ ನಡುವೆ ಒಬ್ಬನನ್ನು ಹಿಡಿದರೆ ಯಾರೋ ಅವನನ್ನು ಕದ್ದು ನೋಡುತ್ತಿದ್ದಾರೆ ಎನಿಸುತ್ತದೆ. ಹತ್ತಿರದ ಅಗಲ ಲೆನ್ಸು ಒಬ್ಬ ಖಳನ ಮುಖವನ್ನು ಭಯಂಕರ ಮಾಡಬಹುದು, ಒಂದು ಮಗುವಿನ ಮುಖವನ್ನು ಮುದ್ದು ಮಾಡಬಹುದು. ಕೆಳಗಿನಿಂದ ನೋಡಿದರೆ ಅಧಿಕಾರ, ಮೇಲಿನಿಂದ ನೋಡಿದರೆ ದೈನ್ಯ ಎಂದು ಹೇಳಿಕೊಡುವುದುಂಟು. ಆದರೆ ಸಿನ್ಹಾನನ್ನು ಮೇಲಿನಿಂದ ನೋಡಿದಾಗ ಬಡತನಕ್ಕಿಂತ ಹೆಚ್ಚಾಗಿ ಕಾಣುವುದು ಸ್ಟುಡಿಯೋ ನೆಲದ ಬರಿದುತನ. ಅರ್ಥ ಹುಟ್ಟುವುದು ಹಿಂದಿನ ಶಾಟ್ ಹೇಗಿತ್ತು ಎಂಬುದರಿಂದ. ಹತ್ತು ನಿಮಿಷ ದೂರದಲ್ಲೇ ಇದ್ದ ಕ್ಯಾಮೆರಾ ಒಮ್ಮೆ ಹತ್ತಿರ ಬಂದರೆ ಅದು ಘಟನೆ. ಪ್ರತಿ ಮಾತಿಗೂ ಕ್ಲೋಸಪ್, ಪ್ರತಿ ತಿರುವಿಗೂ ಮೂರು ಮುಖಗಳಿಗೆ ಮೂರು ಸಲ ಝೂಮ್ ಮಾಡುವ ಧಾರಾವಾಹಿಯಲ್ಲಿ ಕ್ಲೋಸಪ್ಪಿಗೆ ಹೋಗಲು ಜಾಗವೇ ಉಳಿದಿರುವುದಿಲ್ಲ. ಯುವ ನಿರ್ದೇಶಕರ ಕಿರುಚಿತ್ರಗಳಲ್ಲೂ ಇದೇ ಎಡವಟ್ಟು ಕಾಣುತ್ತದೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಅಗ್ಗವಾಗಿದೆ, ಹಾಗಾಗಿ ಅದು ನಿಲ್ಲುವುದೇ ಇಲ್ಲ. ಪಾತ್ರದ ಮನಸ್ಸು ಕದಲದೆ ಇರುವಾಗಲೂ ಕ್ಯಾಮೆರಾ ಸುತ್ತುತ್ತಿದ್ದರೆ ಪ್ರೇಕ್ಷಕನಿಗೆ ಮೊದಲು ನೆನಪಾಗುವುದು ಕ್ಯಾಮೆರಾ ಹಿಡಿದವನು. ಅದನ್ನು ಪರೀಕ್ಷಿಸುವುದು ಸುಲಭ. ಶಾಟ್ ನೋಡುವಾಗ ಯಾವ ಮಾತಿಗೆ, ಯಾವ ನೋಟಕ್ಕೆ ಕ್ಯಾಮೆರಾ ಹೊರಟಿತು ಎಂದು ಕೇಳಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಅದು ಸುಮ್ಮನೆ ಹೊರಟಿದೆ.

ಮೂರ್ತಿ ಮತ್ತು ಗುರುದತ್‌ಗೆ ನಿಲ್ಲಿಸುವುದೂ ಗೊತ್ತಿತ್ತು. ಹಾಡಿನ ನಡುವೆ ಒಂದು ವಿಚಿತ್ರ ನಡೆಯುತ್ತದೆ. ಇಬ್ಬರೂ ನಿಂತಲ್ಲೇ ನಿಂತಿರುತ್ತಾರೆ. ಅವರ ಮೈಯೊಳಗಿಂದ ಇನ್ನೊಂದು ಸಿನ್ಹಾ, ಇನ್ನೊಂದು ಶಾಂತಿ ನೆರಳಿನಂತೆ ಹೊರಬಂದು, ಎದುರುಬದುರಾಗಿ ನಡೆದು, ಬೆಳಕಿನಲ್ಲಿ ಒಂದಾಗುತ್ತಾರೆ. ಒಂದೇ ಚೌಕಟ್ಟಿಗೆ ಎರಡು ಸಲ ಚಿತ್ರ ತೆಗೆದು ಒಂದರ ಮೇಲೊಂದು ಕೂಡಿಸುವ ಕೆಲಸವಿದು. ಆಗಿನ ಸಲಕರಣೆಯಲ್ಲಿ ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ನಿಂತ ಮೈಯೂ ಗೋಡೆಯೂ ಎರಡೆರಡಾಗಿ ಕಂಡು ಮೋಸ ಬಯಲಾಗುತ್ತದೆ. ಆದ್ದರಿಂದ ಅಲ್ಲಿ ಕ್ಯಾಮೆರಾ ಬಿಗಿಯಾಗಿ ನಿಲ್ಲಬೇಕಿತ್ತು. ಆ ಅನಿವಾರ್ಯವೇ ಅರ್ಥವಾಗಿ ಒದಗಿತು. ಅಲ್ಲಿಯವರೆಗೆ ಇಬ್ಬರ ನಡುವೆ ಓಡಾಡಿದ ಕ್ಯಾಮೆರಾ, ಅವರು ಮನಸ್ಸಿನಲ್ಲಿ ಸೇರುವ ಹೊತ್ತಿಗೆ ಸುಮ್ಮನಾಗಿ ದೂರದಿಂದ ನೋಡುತ್ತದೆ. ನೆರಳುಗಳು ಕೂಡುತ್ತವೆ, ಮೈಗಳು ತಮ್ಮ ತಮ್ಮ ತುದಿಯಲ್ಲೇ ಉಳಿಯುತ್ತವೆ.

ಚಿತ್ರ ಸೋತಿತು. ಗುರುದತ್ ಆಮೇಲೆ ತಮ್ಮ ಹೆಸರಿನಲ್ಲಿ ಇನ್ನೊಂದು ಚಿತ್ರವನ್ನು ನಿರ್ದೇಶಿಸಲಿಲ್ಲ, 1964ರಲ್ಲಿ ತೀರಿಕೊಂಡರು. ಮೂರ್ತಿಯವರಿಗೆ ಈ ಚಿತ್ರಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಅವರ ಸಹಾಯಕರಾಗಿದ್ದ ಗೋವಿಂದ್ ನಿಹಲಾನಿ ಮುಂದೆ ನಿರ್ದೇಶಕರಾಗಿ ‘ತಮಸ್’ ತೆಗೆದಾಗ ಕ್ಯಾಮೆರಾ ಹಿಡಿಯಲು ಗುರುವನ್ನೇ ಕರೆದರು. ಕನ್ನಡದಲ್ಲಿ ರಾಜೇಂದ್ರ ಸಿಂಗ್ ಬಾಬು ಅವರ ‘ಹೂವು ಹಣ್ಣು’ ಚಿತ್ರಕ್ಕೂ ಅವರು ಕೆಲಸ ಮಾಡಿದರು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಿಕ್ಕಾಗ ಅವರು ಬೆಂಗಳೂರಿನಲ್ಲಿದ್ದರು. 2014ರಲ್ಲಿ ಇಲ್ಲೇ ನಿಧನರಾದರು.

ಈ ಹಾಡನ್ನು ಹುಡುಕಿ ನೋಡುವವರು ಪರದೆಯ ಆಕಾರವನ್ನು ಮೊದಲು ಗಮನಿಸುವುದು ಒಳ್ಳೆಯದು. ಸ್ಕೋಪ್ ಚಿತ್ರಗಳನ್ನು ಹಳೆಯ ಟೀವಿಯ ಚೌಕಕ್ಕೆ ಹೊಂದಿಸಲು ಎಡಬಲ ಕತ್ತರಿಸುವ ರೂಢಿ ಇತ್ತು. ಹಾಗೆ ಕತ್ತರಿಸಿದರೆ ಅಗಲದಲ್ಲಿ ನೂರಕ್ಕೆ 43 ಪಾಲು ಹೋಗುತ್ತದೆ. ಉಳಿದ ನಡುಭಾಗದಲ್ಲಿ ಬೆಳಕಿನ ಕೋಲು ಇರಬಹುದು. ತುದಿಗಳಲ್ಲಿ ನಿಂತ ಇಬ್ಬರಲ್ಲಿ ಒಬ್ಬರಾದರೂ ಇರುವುದಿಲ್ಲ, ಕೆಲವೊಮ್ಮೆ ಇಬ್ಬರೂ ಇರುವುದಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ಅಗಲ ತೋರಿಸುವ ಪ್ರತಿ ಸಿಕ್ಕರೆ, ಮೊದಲ ಸಲ ದನಿ ತೆಗೆದು ನೋಡಬೇಕು. ಟ್ರಾಲಿ ಹೊರಡುವ ಗಳಿಗೆ, ನಡುವಿನ ಖಾಲಿ ನೆಲ, ಮೇಲಿನ ಕತ್ತಲು ಆಗ ಕಾಣುತ್ತವೆ. ಎರಡನೇ ಸಲ ಗೀತಾ ದತ್ ದನಿಯೊಂದಿಗೆ.